ಮುಟ್ಟಲು ಬೇಕಾದ ಅನುಮತಿ

ಬಾವಲಿಗಳ ಮೇಲಿನ ನನ್ನ ಮಹಾಪ್ರಬಂಧಕ್ಕೆ ಅರಣ್ಯ ಇಲಾಖೆಯ ಪರ್ಮಿಟ್, ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ, ಎಸ್ಟೇಟ್ ಮಾಲೀಕರ ಸಮ್ಮತಿ ಎಲ್ಲವೂ ಇದ್ದವು. ಬಲೆಗೆ ಬಿದ್ದ ಪ್ರತಿಯೊಂದನ್ನೂ ತೂಗಿ, ರೆಕ್ಕೆ ಅಳೆದು, ಹಿಡಿದಲ್ಲೇ ಬಿಟ್ಟಿದ್ದೆ.

ಮರುವರ್ಷ, 2019ರಲ್ಲಿ, ಕಳಸದ ಬಳಿಯ ಅದೇ ತೋಟಕ್ಕೆ ಹೋದರೆ, ನಾನು ಬಲೆ ಕಟ್ಟುತ್ತಿದ್ದ ಜಾಗದಲ್ಲೇ ಮಾಲೀಕರ ಬಲೆ. ಕೆಳಗೆ ಸತ್ತ ಬಾವಲಿಗಳ ರಾಶಿ.

"ಹಣ್ಣೆಲ್ಲ ಹಾಳು ಮಾಡ್ತವೆ ಮಾರಾಯ್ರೆ. ಬಲೆ ಎಲ್ಲಿ ಕಟ್ಬೇಕು ಅಂತ ನಿಮ್ಮನ್ನ ನೋಡೇ ಕಲಿತಿದ್ದು," ಎಂದರು ಅವರು.

ಮೈ ಉರಿದು ರೇಂಜರ್ ಬಳಿ ಓಡಿದೆ.

"ವನ್ಯಜೀವಿ ಕಾಯ್ದೆಯಲ್ಲಿ ಹಣ್ಣು ತಿನ್ನೋ ಬಾವಲಿ ಇರೋದು ಇಲಿ, ಕಾಗೆ ಜೊತೆ, ಪೀಡೆ ಪ್ರಾಣಿಗಳ ಪಟ್ಟಿಲಿ. ಕೊಲ್ಲೋಕೆ ಪರ್ಮಿಟ್ ಬೇಡ," ಎಂದರು.

ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು ನನ್ನ ಪ್ರಬಂಧದ ನೈತಿಕ ಹೇಳಿಕೆಯನ್ನು ಗಟ್ಟಿಯಾಗಿ ಓದಿ ಮೆಚ್ಚಿಕೊಂಡರು: "ಈ ಅಧ್ಯಯನದಿಂದ ಒಂದು ಪ್ರಾಣಿಗೂ ಹಾನಿಯಾಗಿಲ್ಲ."