ಅಟ್ಟದಲ್ಲಿಲ್ಲದ ಹೋಸ್ ಪೈಪು

ನಮ್ಮ ಬಸ್ ಕಂಪನಿಯ ಧಣಿಗಳು ನೂರು ಎಂಬ ಸಂಖ್ಯೆಯ ಪರಮ ಭಕ್ತರು. ಅವರ ಬಸ್ಸುಗಳು ನಿಗದಿತ ವೇಳೆಗೆ ಎಲ್ಲಿಗೂ ತಲುಪಿದ ದಾಖಲೆ ಇರಲಿಲ್ಲ. ಆದರೆ ಉಗ್ರಾಣದ ಲೆಕ್ಕ ಮಾತ್ರ ನೂರಕ್ಕೆ ನೂರು ಇರಬೇಕು. ಎಪ್ಪತ್ತರ ದಶಕದ ಕೊನೆಯಲ್ಲಿ ಆ ಭಕ್ತಿಯ ಸೇವೆಗೆ ನೇಮಕವಾದ ಅರ್ಚಕ ನಾನು. ಕೊಪ್ಪದ ಕಚೇರಿಯಲ್ಲಿ ಗುಮಾಸ್ತ.

ಬಿಡಿಭಾಗಗಳ ಉಗ್ರಾಣ ಮೂರು ಕಡೆ ಇತ್ತು: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ. ಮೂರನೆಯದರ ಬೀಗದ ಕೈ ಒಬ್ಬ ವಯಸ್ಸಾದ ಸಾಹೇಬರ ಬಳಿ. ಅವರು ಬೀಗದ ಕೈಯನ್ನು ಟಿಕೆಟ್ ಕೌಂಟರಿನಲ್ಲಿ ಕೊಟ್ಟು ಒಂದು ವಾರ ಮಗಳ ಮನೆಗೆ ಹೋಗಿದ್ದಾಗಲೇ ಬಾಳೆಹೊನ್ನೂರಿನಲ್ಲಿ ಒಂದು ಬಸ್ಸಿನ ರೇಡಿಯೇಟರ್ ಹೋಸ್ ಒಡೆಯಿತು. ಮೆಕ್ಯಾನಿಕ್ ನರಸಿಂಹರಾಜಪುರಕ್ಕೆ ಓಡಿಬಂದು ಬಿನ್ ಕಾರ್ಡು ನೋಡಿದ. ಪ್ರತಿ ಗೂಡಿಗೂ ಒಂದು ರಟ್ಟಿನ ಕಾರ್ಡು ತೂಗುಹಾಕಿ, ಬಂದದ್ದು ಹೋದದ್ದು ಬರೆಯುವುದು ಪದ್ಧತಿ. ಕೆಳಗಿನ ಗೂಡಿನ ಕಾರ್ಡಿನಲ್ಲಿ ಹೋಸ್ ಸೊನ್ನೆ. ಏಣಿ ಹತ್ತಿದರೆ ಅಟ್ಟದ ಕಾರ್ಡಿನಲ್ಲಿ ಒಂದು, ಗೂಡಿನಲ್ಲಿ ಧೂಳು ಬಿಟ್ಟು ಬೇರೇನೂ ಇಲ್ಲ. ಬಸ್ಸು ಎರಡು ದಿನ ಬಾಳೆಹೊನ್ನೂರಿನಲ್ಲೇ ನಿಂತು ಪ್ರೇಕ್ಷಣೀಯ ಸ್ಥಳವಾಯಿತು.

ಧಣಿಗಳು ನನ್ನನ್ನು ಕರೆದರು.

"ಒಂದು ಪೈಪು ಇತ್ತು, ಈಗ ಇಲ್ಲ. ಅಂದ್ರೆ ಎಂತ?"

"ಎಲ್ಲೋ ಬೇರೆ ಗೂಡಲ್ಲಿ ಇರ್ಬಹುದು, ಧಣಿ."

"ಕಾಲು ಬಂದಿತ್ತಾ ಅದಕ್ಕೆ? ಹೋಗಿ ಮೂರೂ ಕಡೆ ಎಣಿಸಿ ಬನ್ನಿ. ನೂರು ಬಾರದಿದ್ರೆ ಸಾಹೇಬ್ರ ಕೈಯಿಂದ ಬೀಗದ ಕೈ ತಗೊಳ್ಳೋದೇ. ಟಿಕೆಟ್ ಚೆಕ್ ಮಾಡಿಕೊಂಡು ಇರ್ಲಿ."

ಇಪ್ಪತ್ತು ವರ್ಷ ಉಗ್ರಾಣ ಕಾಯ್ದವರಿಂದ ಬೀಗದ ಕೈ ಕಿತ್ತುಕೊಳ್ಳುವುದೆಂದರೆ ಊರಿಗೆಲ್ಲ ಡಂಗುರ ಹೊಡೆದು ಕಳ್ಳ ಎಂದಂತೆ. ಧಣಿಗಳಿಗೆ ಇದು ಹೊಳೆಯಲಿಲ್ಲವೋ, ಹೊಳೆದೇ ಹೇಳಿದರೋ ಗೊತ್ತಿಲ್ಲ. ಲೆಕ್ಕಪತ್ರದವರನ್ನು ಕೇಳಿದರೆ, "ಒಟ್ಟು ದಾಸ್ತಾನು ಸರಿಯೇ ಇದೆ ಮಾರಾಯ್ರೆ, ನೂರಕ್ಕೆ ಒಂದರಷ್ಟೂ ವ್ಯತ್ಯಾಸ ಇಲ್ಲ" ಎಂದು ಕನ್ನಡಕ ಒರೆಸಿಕೊಂಡರು. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಮ್ಮಿ, ಎರಡೂ ಕೂಡಿ ಹಾಕಿದರೆ ಪರಮ ಶುದ್ಧ. ಆದರೆ ಬಸ್ಸಿಗೆ ಒಟ್ಟು ದಾಸ್ತಾನನ್ನು ಜೋಡಿಸಲು ಬರುವುದಿಲ್ಲ. ಬರೆದ ಜಾಗದಲ್ಲಿ ಬರೆದಷ್ಟು ಸಿಗಬೇಕು.

ಹಾಗಾಗಿ ಗೂಡಿನ ಲೆಕ್ಕದಲ್ಲೇ ಎಣಿಸಿದೆ. ಪ್ರತಿ ಊರಲ್ಲೂ ನೂರು ಗೂಡು. ಮೊದಲು ಕಾರ್ಡನ್ನು ಮಗುಚಿಟ್ಟು ಎಣಿಸಿ ಬರೆದುಕೊಳ್ಳುವುದು, ಆಮೇಲೆ ಕಾರ್ಡು ನೋಡುವುದು. ಕಾರ್ಡು ಮೊದಲು ನೋಡಿದರೆ ಕಣ್ಣು ಅದಕ್ಕೆ ತಕ್ಕಂತೆಯೇ ಎಣಿಸುತ್ತದೆ, ಅದು ಮನುಷ್ಯ ಸ್ವಭಾವ. ನರಸಿಂಹರಾಜಪುರದಲ್ಲಿ ನೂರರಲ್ಲಿ ಸರಿ ಬಂದದ್ದು ಐವತ್ತೆಂಟು. ರಜೆ ಮುಗಿಸಿ ಬಂದಿದ್ದ ಸಾಹೇಬರು ಸ್ಟೂಲಿನ ಮೇಲೆ ಕುಳಿತು ಬೀಡಿ ಹಚ್ಚದೆ ಹಿಡಿದುಕೊಂಡಿದ್ದರು.

"ವಾಶರ್ ಸಾವಿರದ ನಾಲ್ಕು ಇದೆ, ಕಾರ್ಡಲ್ಲಿ ಸಾವಿರ. ತಪ್ಪು ಅಂತ ಬರ್ಕೊಂಡ್ರಾ?" ಎಂದರು.

"ತಪ್ಪೇ ಅಲ್ವಾ?"

"ನಾನು ವಾಶರ್ ತೂಕ ಹಾಕಿ ಕೊಡೋದು. ಒಂದೊಂದೇ ಎಣಿಸಿ ಕೊಟ್ರೆ ಬಸ್ಸು ಮುಂದಿನ ವರ್ಷ ಹೊರಡ್ತದೆ."

ಅವರ ಮಾತು ಸರಿಯಾಗಿತ್ತು, ಅದೇ ನನ್ನ ಸಿಟ್ಟಿಗೆ ಕಾರಣ. ತೂಕದ ಸಾಮಾನಿಗೂ ಬಿಡಿ ಸಾಮಾನಿಗೂ ಒಂದೇ ಅಳತೆಗೋಲು ಹಿಡಿದ ಮೂರ್ಖ ನಾನೇ. ಮತ್ತೆ ಕುಳಿತು ನಿಯಮ ಮಾಡಿಕೊಂಡೆ: ಬೋಲ್ಟು, ನಟ್ಟು, ವಾಶರ್ ನೂರಕ್ಕೆ ಎರಡು ಆಚೀಚೆಯಾದರೂ ಸರಿ. ಪೀಪಾಯಿಯ ಆಯಿಲನ್ನು ಕೋಲು ಅದ್ದಿ ಅಳೆಯುವುದು, ಅದಕ್ಕೂ ಅಷ್ಟೇ ಸಡಿಲಿಕೆ. ಫ್ಯಾನ್ ಬೆಲ್ಟು, ಹೋಸ್, ಬ್ರೇಕ್ ಲೈನಿಂಗ್‌ಗೆ ಮಾತ್ರ ಒಂದೂ ಆಚೀಚೆ ಇಲ್ಲ. ಒಂದು ಕಮ್ಮಿಯಾದರೆ ಒಂದು ಬಸ್ಸು ನಿಲ್ಲುತ್ತದೆ. ಹೀಗೆ ಹದಿನಾರು ಗೂಡು ಪಾಪಮುಕ್ತವಾಗಿ ಐವತ್ತೆಂಟು ಎಪ್ಪತ್ನಾಲ್ಕಾಯಿತು. ಇದೇ ಅಳತೆಯಲ್ಲಿ ಕೊಪ್ಪಕ್ಕೆ ಎಪ್ಪತ್ತೊಂಬತ್ತು, ಶೃಂಗೇರಿಗೆ ಎಂಬತ್ಮೂರು.

ನರಸಿಂಹರಾಜಪುರದ ಉಳಿದ ಇಪ್ಪತ್ತಾರು ತಪ್ಪುಗಳನ್ನು ಹರಡಿಕೊಂಡು ಕುಳಿತಾಗ ನನಗೆ ತಲೆಕೆಟ್ಟಿತು. ಅದರಲ್ಲಿ ಇಪ್ಪತ್ತೆರಡು ಜೋಡಿ ಜೋಡಿಯಾಗಿದ್ದವು. ಕೆಳಗಿನ ಗೂಡಲ್ಲಿ ಒಂದು ಹೆಚ್ಚು, ಅದೇ ಸಾಮಾನು ಅಟ್ಟದಲ್ಲಿ ಒಂದು ಕಮ್ಮಿ. ಹನ್ನೊಂದು ಸಾಮಾನಿಗೂ ಇದೇ ಕಥೆ. ಹೋಸ್ ಪೈಪೂ ಅಷ್ಟೇ: ಸೊನ್ನೆ ಎಂದು ಬರೆದ ಕೆಳಗಿನ ಗೂಡಿನೊಳಗೆ ಹೋಸ್ ತಣ್ಣಗೆ ಮಲಗಿತ್ತು. ಸೊನ್ನೆ ನೋಡಿದ ಮೆಕ್ಯಾನಿಕ್ ಗೂಡಿಗೆ ಕೈ ಹಾಕಿರಲೇ ಇಲ್ಲ.

"ಸಾಹೇಬ್ರೆ, ಕೆಳಗೆ ಯಾವಾಗ್ಲೂ ಒಂದು ಉಳೀತದಲ್ಲ, ಎಂತಕ್ಕೆ?"

ಅವರು ನನ್ನನ್ನು ಎಳೆಮಗುವನ್ನು ನೋಡುವಂತೆ ನೋಡಿದರು.

"ಗೂಡು ಪೂರ್ತಿ ಬರಿದು ಮಾಡ್ಬಾರ್ದು. ಬರ್ಕತ್ತು ಹೋಗ್ತದೆ. ನಿಮ್ಮನೇಲಿ ಅಮ್ಮ ಅಕ್ಕಿ ಡಬ್ಬ ಕವುಚಿ ಬಡೀತಾರಾ?"

"ಮತ್ತೆ ಕೊನೇದನ್ನ ಯಾರಾದ್ರೂ ಕೇಳಿದ್ರೆ?"

"ಅಟ್ಟದಿಂದ ತಂದು ಕೊಡ್ತೇನೆ."

"ಅಟ್ಟದ ಕಾರ್ಡಲ್ಲಿ ಕಳೀತೀರಾ?"

"ಆ ಕಾರ್ಡು ತೂಗಿರೋದು ಅಟ್ಟದ ಮೊಳೆಗೆ. ಒಂದು ಕೈಲಿ ಏಣಿ, ಒಂದು ಕೈಲಿ ಸಾಮಾನು. ಪೆನ್ನು ಹಲ್ಲಲ್ಲಿ ಹಿಡಿದು ಬರೀಲಾ? ಕೆಳಗಿಂದರಲ್ಲೇ ಕಳೀತೇನೆ. ಒಟ್ಟು ಸರಿ ಇರ್ತದಲ್ಲ."

ಇಪ್ಪತ್ತು ವರ್ಷ ಒಂದು ತುಂಡು ತಂತಿಯನ್ನೂ ಮನೆಗೆ ಒಯ್ಯದ ಮನುಷ್ಯ, ಲಕ್ಷಣವಾಗಿ ಹನ್ನೊಂದು ಸಾಮಾನಿನ ಇಪ್ಪತ್ತೆರಡು ಗೂಡುಗಳನ್ನು ಸುಳ್ಳುಗಾರರನ್ನಾಗಿ ಮಾಡಿಟ್ಟಿದ್ದರು. ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯದೆ ಚಹಾ ತರಿಸಿದೆ.

ಅಟ್ಟದ ಕಾರ್ಡುಗಳನ್ನೆಲ್ಲ ಕೆಳಗೆ ಮೇಜಿನ ಪಕ್ಕದ ಹಲಗೆಗೆ ಹೊಡೆಸಿದೆ. ಕೊನೆಯದೊಂದು ಕೆಳಗೆ ಉಳಿಯಲಿ, ಆದರೆ ಅಟ್ಟದಿಂದ ಇಳಿದದ್ದು ಅಟ್ಟದ ಕಾರ್ಡಿನಲ್ಲೇ ಕಳೆಯಲಿ ಎಂದು ಒಪ್ಪಂದವಾಯಿತು. ಸಾಹೇಬರು ತಲೆಯಾಡಿಸಿದ ರೀತಿ ನೋಡಿದರೆ ಹಳೆಯ ಕೈ ಒಂದೇ ದಿನಕ್ಕೆ ಬದಲಾಗದು ಎಂದು ಗೊತ್ತಾಗುತ್ತಿತ್ತು.

ಧಣಿಗಳ ಮುಂದೆ ಮಂಡಿಸಿದ್ದು ಇನ್ನೂ ಕಷ್ಟದ ಪೂಜೆ. ಹೋಸ್ ಸಿಕ್ಕಿದ ಸುದ್ದಿಗೆ ಅವರು ಹುಬ್ಬು ಕೂಡ ಎತ್ತಲಿಲ್ಲ.

"ಇನ್ನು ಮುಂದೆ ನೂರು ಬರ್ತದಲ್ಲ?"

"ಬರೋದಿಲ್ಲ, ಧಣಿ. ಮೂರು ತಿಂಗಳಿಗೆ ಶೃಂಗೇರಿಗೆ ತೊಂಬತ್ತು, ಕೊಪ್ಪಕ್ಕೆ ಎಂಬತ್ತೆಂಟು, ನರಸಿಂಹರಾಜಪುರಕ್ಕೆ ಎಂಬತ್ತೈದು. ವಾರಕ್ಕೆ ಹತ್ತು ಗೂಡು ಎಣಿಸ್ಲಿ, ಯಾವ ಗೂಡು ಅಂತ ಚೀಟಿ ಎತ್ಲಿ. ತಪ್ಪಿದ್ದು ಯಾಕೆ ಅಂತ ಅದೇ ದಿನ ಹುಡುಕ್ಲಿ."

"ಎಂಬತ್ತೈದು ಅಂದ್ರೆ ಹದಿನೈದು ಕದಿಯೋಕೆ ಪರ್ಮಿಟ್ಟಾ?"

"ಹದಿನೈದು ಗೂಡಲ್ಲಿ ಬರೆದದ್ದು ತಪ್ಪಿರ್ಬಹುದು ಅಂತ. ಕದ್ದಿದ್ದು ಅಂತಲ್ಲ. ನೂರು ಬೇಕು ಅಂತ ಹೆದರಿಸಿದ್ರೆ ನಾಳೆನೇ ಬರ್ತದೆ. ಎಣಿಸಿದ್ದನ್ನ ಬಿಟ್ಟು ಕಾರ್ಡಲ್ಲಿರೋದನ್ನೇ ನಕಲು ಮಾಡಿ ಕಳಿಸ್ತಾರೆ. ಬಸ್ಸು ಬಾಳೆಹೊನ್ನೂರಲ್ಲೇ ನಿಂತಿರ್ತದೆ."

ಧಣಿಗಳು ಬಹಳ ಹೊತ್ತು ಅಡಿಕೆ ಜಗಿದರು. ತೊಂಬತ್ತೈದಕ್ಕೆ ಇಳಿದರು. ತೊಂಬತ್ತಕ್ಕೆ ಇಳಿದರು. ನಾನು ಎಂಬತ್ತೈದಕ್ಕೇ ಅಂಟಿಕೊಂಡೆ. "ಒಂದು ಕಮ್ಮಿ ಬಂದ್ರೂ ಬೀಗದ ಕೈ ನಿಮ್ಮ ಕೈಲೇ ತರಿಸ್ತೇನೆ" ಎಂದು ಎದ್ದರು. ಸಮ್ಮತಿಯ ಅವರ ಭಾಷೆ ಅದು.

ಆ ಮೂರು ತಿಂಗಳು ನನ್ನ ಹಸಿವು ನಿದ್ದೆ ಎಲ್ಲ ನರಸಿಂಹರಾಜಪುರದ ಚೀಟಿಗಳ ಮೇಲೆಯೇ ಇತ್ತು. ಮೊದಲ ವಾರ ಹತ್ತರಲ್ಲಿ ಆರು. ಆಮೇಲೆ ಏಳು, ಮತ್ತೆ ಆರು. ಎರಡನೆಯ ತಿಂಗಳಲ್ಲಿ ಎಂಟು ಕಾಣಿಸತೊಡಗಿತು. ಸಾಹೇಬರು ಪ್ರತಿ ತಪ್ಪಿನ ಪಕ್ಕ ಕಾರಣ ಬರೆಯುತ್ತಿದ್ದರು: "ಮರೆತೆ." "ಡ್ರೈವರ್ ಅವಸರ ಮಾಡಿದ." "ಗೊತ್ತಿಲ್ಲ." ಒಂದು ವಾರ ಮಾತ್ರ "ನೀವು ಬಂದಾಗ ತಪ್ಪಾಗಿ ಎಣಿಸಿದ್ದು" ಎಂದಿತ್ತು. ಪರಿಶೀಲಿಸಿದೆ, ನಿಜ.

ಮೂರು ತಿಂಗಳಾದ ಮೇಲೆ ಹೋಗಿ ನೂರು ಗೂಡನ್ನೂ ಮತ್ತೆ ಎಣಿಸಿದೆ. ಎಂಬತ್ತೇಳು. ಎರಡು ಸಲ ಕೂಡಿದೆ, ಎಂಬತ್ತೇಳೇ.

"ಬೀಗದ ಕೈ ನಿಮ್ಮ ಹತ್ರಾನೇ ಇರ್ತದೆ ಸಾಹೇಬ್ರೆ" ಎಂದೆ, ತೀರ್ಪು ಓದುವ ಗಾಂಭೀರ್ಯದಲ್ಲಿ.

"ಮತ್ತೆ ಯಾರ ಹತ್ರ ಇರ್ಬೇಕಿತ್ತು?" ಎಂದು ಅವರು ಮುಖ ಗಂಟಿಕ್ಕಿದರು. ಪಣಕ್ಕಿದ್ದದ್ದು ಏನೆಂದು ಅವರಿಗೆ ನಾನು ಹೇಳಿಯೇ ಇರಲಿಲ್ಲ. "ಉಳಿದ ಹದಿಮೂರು ಎಂತದು ಅಂತ ನೋಡ್ಬೇಕಲ್ಲ ಮಾರಾಯ್ರೆ. ಕೊಪ್ಪದ ಬಸ್ಸಿಗೆ ಇನ್ನೂ ಹೊತ್ತಿದೆ. ಏಣಿ ಹಿಡ್ಕೊಳ್ಳಿ."

ಹಿಡಿದುಕೊಂಡೆ. ಬಸ್ಸು ತಪ್ಪಿತು.