ಅಕ್ಕನ ತಲೆಗೆ ನಾನು ಬಿಡಿಸಿದ ನರೆ

ನಾನು ಕೆಲಸ ಮಾಡುವ ಫೋಟೋ ಸ್ಟುಡಿಯೋ ಹಗರಿಬೊಮ್ಮನಹಳ್ಳಿಯಲ್ಲಿ ಬಸ್ ನಿಲ್ದಾಣದ ಹತ್ತಿರ ಇದೆ. ಎಂಟನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಕಂಪ್ಯೂಟರಿನಲ್ಲಿ ಫೋಟೋ ತಿದ್ದುವುದನ್ನು ಮಾಲೀಕರು ಮಾಡುವಾಗ ಹಿಂದೆ ನಿಂತು ನೋಡಿ ಕಲಿತೆ. ಮದುಮಕ್ಕಳ ಮೊಡವೆ ಅಳಿಸುವುದು, ತೀರಿಕೊಂಡವರ ಹಳೆಯ ಫೋಟೋಕ್ಕೆ ಹೊಸ ಅಂಗಿ ತೊಡಿಸುವುದು ನನ್ನ ಕೆಲಸ.

ನನ್ನ ಅಕ್ಕ ನಾಟಕದ ಕಲಾವಿದೆ. ನಮ್ಮ ಕಡೆ ಬೇಸಿಗೆಯಲ್ಲಿ ಊರಿನ ಹುಡುಗರು ತಾವೇ ಗಂಡು ಪಾತ್ರ ಕಟ್ಟಿ ನಾಟಕ ಆಡುತ್ತಾರೆ. ಹೆಣ್ಣು ಪಾತ್ರಕ್ಕೆ ಮಾತ್ರ ಕಲಾವಿದೆಯರನ್ನು ಹೊರಗಿನಿಂದ ಕರೆಸುತ್ತಾರೆ. ಯಾರನ್ನು ಕರೆಸಬೇಕೆಂದು ಹೇಳುವವರು ನಾಟಕ ಕಲಿಸುವ ಮಾಸ್ತರು. ಮೊದಲು ಅವರು ಊರೂರು ತಿರುಗಿ ನೋಡಿ ಆರಿಸುತ್ತಿದ್ದರು. ಈಗ ಫೋನಿನಲ್ಲಿ ಫೋಟೋ ನೋಡಿ ಆರಿಸುತ್ತಾರೆ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಎಲ್ಲ ಕಡೆಯ ಮಾಸ್ತರರು ಒಂದೇ ವಾಟ್ಸಾಪ್ ಗುಂಪಿನಲ್ಲಿದ್ದಾರೆ. ಅವರ ಪೋಸ್ಟರುಗಳನ್ನು ಮಾಡುವುದರಿಂದ ನಮ್ಮ ಸ್ಟುಡಿಯೋದ ನಂಬರೂ ಅದರಲ್ಲಿದೆ.

ಅಕ್ಕ ಯಾವಾಗಲೂ ನಾಯಕಿಯೇ. ಆದರೆ ಕಾಲಿನ ಎಲುಬು ಮುರಿದು ಒಂದು ಹಂಗಾಮು ಪೂರ್ತಿ ಮನೆಯಲ್ಲಿ ಮಲಗಿದ್ದಳು. ಆ ವರ್ಷ ಅವಳನ್ನು ರಂಗದ ಮೇಲೆ ಯಾರೂ ನೋಡಲಿಲ್ಲ. ಮರುವರ್ಷ ಮತ್ತೆ ನಾಯಕಿಯಾಗಿ ನಿಂತರೆ ನಿಂತಳು, ಇಲ್ಲದಿದ್ದರೆ ಇಲ್ಲ. ನಾಟಕದವರು ಹೆಣ್ಣನ್ನು ಒಮ್ಮೆ ತಾಯಿ ಪಾತ್ರಕ್ಕೆ ಕರೆದರೆ ಮತ್ತೆ ನಾಯಕಿ ಪಾತ್ರಕ್ಕೆ ಕರೆಯುವುದಿಲ್ಲ. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮರುವರ್ಷ ತಂಬ್ರಹಳ್ಳಿ ಕಡೆಯ ಹುಡುಗರು ಅವಳನ್ನು ನಾಯಕಿ ಪಾತ್ರಕ್ಕೆ ಕರೆದಿದ್ದರು. ನಾಟಕದಲ್ಲಿ ನಾಯಕಿ ಜೈಲಿಗೆ ಹೋಗಿ, ಕೊನೆಯ ಅಂಕದಲ್ಲಿ ಮುದುಕಿಯಾಗಿ ತಿರುಗಿ ಬರುತ್ತಾಳೆ. ಬ್ಯಾನರಿನಲ್ಲಿ ಎರಡೂ ಮುಖ ಬೇಕಾಗಿತ್ತು. ಅಕ್ಕ ಸ್ಟುಡಿಯೋಕ್ಕೆ ಬಂದಾಗ ಗಿರಾಕಿಗಳು ಕೂತಿದ್ದರು. ಒಬ್ಬ ಹೆಂಗಸು ನನ್ನನ್ನು ತೋರಿಸಿ, "ಈಕಿ ನಿಮ್ಮ ತಂಗೀನ್ರಿ? ಒಂಚೂರೂ ಹೋಲಂಗಿಲ್ಲಲ್ರಿ" ಎಂದಳು.

"ನಮ್ಮವ್ವ ನನ್ನ ಹಡದು ದಣದಿದ್ಲ್ರಿ," ಎಂದಳು ಅಕ್ಕ. "ಈಕಿ ಊರ ಮಂದಿ ಮುಖಾ ಎಲ್ಲಾ ತಿದ್ದತಾಳ. ತನ್ನ ಮುಖಾ ಒಂದು ಬಿಟ್ಟು. ಅದಕ್ಕ ಕಂಪ್ಯೂಟರ್ ಸಾಲಂಗಿಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಚಿಕ್ಕಂದಿನಿಂದ ಹಾಗೆಯೇ ನಕ್ಕಿದ್ದೇನೆ.

"ಮುದುಕಿ ತಲೀಗೆ ಬಿಳಿ ಪೌಡರ್ ಸುರುವಿದಂಗ ಮಾಡಬ್ಯಾಡಲೇ," ಎಂದಳು ಅಕ್ಕ. "ಖರೇ ಕಾಣಬೇಕು. ಆಮ್ಯಾಲ ಎರಡೂ ಜೋಡಿಸಿ ಮಾಸ್ತರ ಗುಂಪಿಗೆ ಹಾಕು. ಕೆಳಗ ಪಾತ್ರ ಅಂತ ಬರಿ. ಮರೀಬ್ಯಾಡ ಮತ್ತ."

ನಾನು ಅವಳ ಫೋಟೋ ತೆಗೆದು ದೊಡ್ಡದು ಮಾಡಿದೆ. ಅವಳು ತಲೆಗೆ ಬಣ್ಣ ಹಚ್ಚುತ್ತಾಳೆಂದು ನನಗೊಬ್ಬಳಿಗೇ ಗೊತ್ತು. ಹಚ್ಚುವವಳು ನಾನೇ. ನರೆ ಎಲ್ಲಿಂದ ಶುರುವಾಗಿದೆ, ಎಡಗಿವಿಯ ಮುಂದೆ ಎಷ್ಟು, ಬೈತಲೆಯ ಯಾವ ಪಕ್ಕ ಹೆಚ್ಚು ಎಂಬುದನ್ನೆಲ್ಲ ನನ್ನ ಬೆರಳುಗಳೇ ಬಲ್ಲವು. ಬಣ್ಣ ಹಚ್ಚಿ ಕೆಲವು ದಿನ ಕಳೆದಿದ್ದರಿಂದ ಬುಡದಲ್ಲಿ ಸಣ್ಣ ಬಿಳಿ ಗೆರೆ ಎದ್ದಿತ್ತು.

ಆ ಗೆರೆ ಉಳಿದರೆ ನೋಡಿದವರು ಬಣ್ಣ ಬಿಟ್ಟಿದೆ ಎನ್ನುತ್ತಾರೆ, ಅಷ್ಟೆ. ಹಾಗಾಗಿ ಮೊದಲು ಬುಡಗಳನ್ನು ಕಪ್ಪು ಮಾಡಿದೆ. ಫೋಟೋದ ಮೇಲೆ ಬೇರೆ ಪದರ, ಅಂದರೆ ಲೇಯರ್, ತೆರೆದು, ಕಪ್ಪಿಗೆ ಕಂದು ಬೆರೆಸಿ, ಮೆತ್ತನೆಯ ಬ್ರಷ್ಷಿನಿಂದ ಬೈತಲೆಯ ಉದ್ದಕ್ಕೂ ಎಳೆದು, ಕೂದಲು ಮೇಲೆ ಹೋದಂತೆ ತೆಳುವಾಗಿಸಿದೆ. ಬುಡದಲ್ಲಿ ನೆರಳಿದ್ದರೇನೇ ಕೂದಲು ತಲೆಯಿಂದ ಹುಟ್ಟಿದ ಹಾಗೆ ಕಾಣುವುದು. ಇಲ್ಲದಿದ್ದರೆ ಸುಳ್ಳು ಕೂದಲಿನ ಟೋಪನ್ ಇಟ್ಟ ಹಾಗಿರುತ್ತದೆ.

ಆಮೇಲೆ ಬೆಳ್ಳಿ ಎಳೆಗಳು. ಅಪ್ಪಟ ಬಿಳಿ ಬಳಸಿದರೆ ದಾರ ಅಂಟಿಸಿದಂತಾಗುತ್ತದೆ. ಫೋಟೋದ ಬೆಳಕಿಗೆ ಹೊಂದುವ ಬೂದು ಬಣ್ಣ ಆರಿಸಿದೆ. ಕಂಪ್ಯೂಟರಿನ ಪೆನ್ನು ಒತ್ತಿದರೆ ಗೆರೆ ದಪ್ಪ, ಎತ್ತಿದರೆ ಸಣ್ಣ. ಕೂದಲು ಬಾಗಿದ ಕಡೆಗೇ ಬಾಗಿಸಿ ಒಂದೊಂದೇ ಎಳೆ ಎಳೆದೆ. ಕಿವಿಯ ಮುಂದೆ ಗುಂಪಾಗಿ, ನೆತ್ತಿಯಲ್ಲಿ ವಿರಳವಾಗಿ. ಕೆಲವನ್ನು ಕಪ್ಪು ಕೂದಲಿನ ಕೆಳಗೆ ತೂರಿಸಿದೆ, ಕೆಲವನ್ನು ಅರ್ಧಕ್ಕೇ ಮಾಯ ಮಾಡಿದೆ. ಬಾಗಿನ ಮೇಲೆ ಬೆಳಕು ಬೀಳುವಲ್ಲಿ ಮಾತ್ರ ಹೊಳಪು ಕೊಟ್ಟೆ. ಚರ್ಮ ಮುಟ್ಟಲಿಲ್ಲ. ಸುಕ್ಕು ಬಿಡಿಸಿದ್ದರೆ ಅದು ಮುದುಕಿಯ ಪಾತ್ರವಾಗುತ್ತಿತ್ತು. ಸುಕ್ಕಿಲ್ಲದೆ ನರೆ ಮಾತ್ರ ಇದ್ದುದರಿಂದ ಅದು ಎಲುಬು ಮುರಿದು ಮನೆ ಹಿಡಿದು ಒಂದೇ ವರ್ಷದಲ್ಲಿ ಇಳಿದುಹೋದ ನನ್ನ ಅಕ್ಕನಾಗಿತ್ತು. ನಾನು ಅಷ್ಟು ಚೆಂದದ ಕೆಲಸವನ್ನು ಮೊದಲೂ ಮಾಡಿಲ್ಲ, ಆಮೇಲೂ ಮಾಡಿಲ್ಲ.

ಬ್ಯಾನರಿಗೆ ಎರಡೂ ಮುಖ ಹಾಕಿದೆ. ಗುಂಪಿಗೆ ಮಾತ್ರ ನರೆಯದೊಂದನ್ನೇ ಕಳಿಸಿದೆ. ಪಾತ್ರ ಎಂದು ಬರೆಯಲಿಲ್ಲ. ಮರೆತಿರಲಿಲ್ಲ.

ಕೊಟ್ಟೂರು ಕಡೆಯ ಒಬ್ಬ ಮಾಸ್ತರು ಫೋನು ಮಾಡಿದರು. "ಏನವಾ ತಂಗಿ, ಇದು ನೀ ಎಡಿಟ್ ಮಾಡಿದ್ದೋ, ಆಕಿ ಖರೇನ ಹಿಂಗ ಆಗ್ಯಾಳೋ?"

ಅವರು ಕೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ಎಡಿಟ್ ರೀ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ನರೆಗೂದಲಾ ಆಕೀವ ರೀ," ಎಂದೆ. "ಬಣ್ಣಾ ಹಚ್ಚಾಕಿ ನಾನ ಅದೀನಿ."

"ಅಯ್ಯಯ್ಯ! ಮತ್ತ ನಮ್ಮ ಹುಡುಗೂರು ಆಕೀನ ಹೀರೋಯಿನ್ ಅಂತ ಕುಣ್ಯಾಕ ಹತ್ಯಾವಲ್ಲ. ಹೀರೋನ ಆಕೀಗೆ ಅವ್ವಾ ಅಂದಾನು!" ಎಂದು ನಕ್ಕು ಫೋನಿಟ್ಟರು.

ಆ ಹಂಗಾಮಿನಲ್ಲಿ ಅಕ್ಕನಿಗೆ ಬಂದ ಕರೆಗಳೆಲ್ಲ ತಾಯಿ ಪಾತ್ರದವು. ಮೊದಮೊದಲು ಬೈದು ಫೋನು ಇಟ್ಟಳು. ಹಡಗಲಿ ಕಡೆಯವನೊಬ್ಬ, "ಸಿಟ್ಟಾಗಬ್ಯಾಡ್ರಿ ಅಕ್ಕಾರ, ನಿಮಗ ಮೇಕಪ್ಪಿನ ತ್ರಾಸರ ಉಳೀತೈತಲ್ರಿ" ಎಂದನಂತೆ. ತಂಬ್ರಹಳ್ಳಿ ಕಡೆಯ ಹುಡುಗರೂ ನಾಟಕದ ಹೊತ್ತಿಗೆ ನಾಯಕಿಗೆ ಬೇರೊಬ್ಬಳನ್ನು ಕರೆಸಿ, ಮುದುಕಿಯಾಗುವ ಕೊನೆಯ ಅಂಕವನ್ನಷ್ಟೇ ಅಕ್ಕನಿಗೆ ಬಿಟ್ಟರು.

ಕೊಟ್ಟೂರಿನ ಮಾಸ್ತರು ಅವಳಿಗೆ ಎದುರಾದಾಗ ನಾನು ಅಂದದ್ದನ್ನು ಹೇಳಿಬಿಟ್ಟರು. ಅವಳು ನೇರವಾಗಿ ಸ್ಟುಡಿಯೋಕ್ಕೆ ಬಂದಳು.

"ನೀ ಹೇಳಿದ್ಯಂತಲ್ಲ."

"ಕೇಳಿದ್ರು, ಹೇಳಿದೆ. ಸುಳ್ಳೇನಿಲ್ಲಲ್ಲ."

"ತಗಿ ಅದನ್ನ. ದೊಡ್ಡದು ಮಾಡು."

ತೆಗೆದೆ. ಅವಳು ಪರದೆಗೆ ಮುಖವಿಟ್ಟು ಕಿವಿಯ ಮುಂದಿನ ಎಳೆಗಳನ್ನು ಒಂದೊಂದಾಗಿ ನೋಡಿದಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಇಷ್ಟು ಎಳೀ ಬಿಡಸಾಕ ಭಾಳ ಹೊತ್ತು ಹಿಡದಿರಬೇಕಲ್ಲ?" ಎಂದಳು.

"ಹ್ಞೂಂ."

"ಅಷ್ಟೊತ್ತೂ ನನ್ನ ಮುಖ ನೋಡಕೋಂತ ಕುಂತಿದ್ದಿ." ಸೆರಗು ತಲೆಯ ಮೇಲೆ ಎಳೆದುಕೊಂಡು ಹೋದಳು. ಅದಾದ ಮೇಲೆ ತಲೆಗೆ ಬಣ್ಣ ಹಚ್ಚಲು ನನ್ನನ್ನು ಕರೆದಿಲ್ಲ. ಹಚ್ಚಿಕೊಳ್ಳುವುದನ್ನೇ ಬಿಟ್ಟು, ನರೆತ ತಲೆಯಲ್ಲೇ ತಾಯಿ ಪಾತ್ರಕ್ಕೆ ಹೋಗುತ್ತಿದ್ದಾಳೆ.

ಹಂಗಾಮು ಮುಗಿಯುವ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ನಾನು ಕೈ ಹಚ್ಚದ ಅವಳ ಮೊದಲಿನ ಫೋಟೋವನ್ನು ಗುಂಪಿಗೆ ಹಾಕಿ, "ಅಕ್ಕನ ಖರೇ ಮುಖ ಇದು. ಮೊದಲು ಹಾಕಿದ್ದು ಪಾತ್ರಕ್ಕೆಂದು ನಾನು ತಿದ್ದಿದ್ದು, ತಪ್ಪು ನನ್ನದು" ಎಂದು ಬರೆದೆ. ಆಮೇಲೆ ಹರಪನಹಳ್ಳಿಯ ಮಾಸ್ತರೊಬ್ಬರು ಬರೆದರು:

"ಭಾಳ ಚಲೋ ಎಡಿಟ್ ಮಾಡ್ತೀಯ ತಂಗಿ. ಆದ್ರ ಈಗ ಆಕಿನ್ನ ಎಲ್ಲರೂ ನೋಡ್ಯಾರವ್ವ."