ಐದು ಸಂವತ್ಸರದ ಅನುಭವ

ಅಡಿಗೆಮನೆಯ ಹೊಸ್ತಿಲ ಹತ್ತಿರ ಜೋಳದ ಹಿಟ್ಟು ಸಾಣಿಸುತ್ತ ಕೂತಿದ್ದೆ. ಅಣೆಕಟ್ಟಿನ ಕೆಲಸ ಶುರುವಾದ ಕಾಲ ಅದು. ಹೊಸಪೇಟೆಯಲ್ಲಿ ಜಾಗ ಸಾಲದೆ ನಮ್ಮ ಮನೆಯ ಮುಂದಿನ ಎರಡು ಕೋಣೆಗಳನ್ನೇ ಕಚೇರಿಗೆ ಬಾಡಿಗೆ ಹಿಡಿದಿದ್ದರು. ನಮ್ಮ ಯಜಮಾನರು ಅಲ್ಲೇ ಗುಮಾಸ್ತರು. ಕಚೇರಿಗೂ ನನ್ನ ಅಡಿಗೆಮನೆಗೂ ನಡುವೆ ಒಂದೇ ಬಾಗಿಲು.

ಅವರು ಆ ಬಾಗಿಲು ತೆರೆದು ಒಳಗೆ ಬಂದರು. ಮುಖ ಬಾಡಿತ್ತು.

“ನಿನ್ನ ತಮ್ಮನ ಹೆಸರು ಟೆಂಡರಿನ್ಯಾಗ ಬಂದದ,” ಎಂದರು.

“ಚಲೋ ಆತಲ್ರಿ!”

“ಚಲೋ ಆಗಿಲ್ಲ. ಪಟ್ಟ್ಯಾಗಿನ ಅವನ ಸಾಲು ಷರತ್ತಿಗೆ ಹೊಂದವಲ್ದು.”

ಕೂಲಿಕಾರರಿಗೆ ಕಲ್ಲಿನ ಸಾಲುಮನೆ ಕಟ್ಟಿಸುವ ಗುತ್ತಿಗೆ ಅದು. ಮುಖ್ಯ ಕೆಲಸಕ್ಕೆ ಯಾರು ಯಾರನ್ನು ಇಡುತ್ತೇವೆಂದು ಗುತ್ತೇದಾರರು ಟೆಂಡರಿನಲ್ಲೇ ಬರೆದುಕೊಡಬೇಕಿತ್ತು. ಅದರಿಂದ ಒಬ್ಬೊಬ್ಬರ ವಿವರ ಎತ್ತಿ ಪಟ್ಟಿ ಮಾಡುವುದು ನಮ್ಮವರ ಪಾಲಿಗೆ ಬಂದಿತ್ತು. ಹೆಸರು, ಹುದ್ದೆ, ಪಾಸಾದ ಪರೀಕ್ಷೆ, ಗುತ್ತೇದಾರ ಹೇಳಿದ ವರ್ಷ, ಲಗತ್ತಿಸಿದ ಸರ್ಟಿಫಿಕೇಟು ತೋರಿಸುವ ವರ್ಷ, ಷರತ್ತು ಕೇಳುವ ವರ್ಷ, ಹೊಂದುತ್ತದೋ ಇಲ್ಲವೋ, ಯಾವ ಪುಟದಲ್ಲಿದೆ. ಓವರ್ಸಿಯರ್‌ಗೆ ಕಲ್ಲುಕಟ್ಟಡದಲ್ಲಿ ಐದು ವರ್ಷದ ಅನುಭವ ಬೇಕೆಂದಿತ್ತು. ಗುತ್ತೇದಾರ ನನ್ನ ತಮ್ಮನಿಗೆ ಐದು ಎಂದು ಬರೆದಿದ್ದ. ಸರ್ಟಿಫಿಕೇಟು ಮಾತ್ರ ಮೂರು ವರ್ಷ, ಮೇಲೆ ಎರಡು ತಿಂಗಳು ಎನ್ನುತ್ತಿತ್ತು.

ತಮ್ಮನಿಗೆ ಕೆಲಸವಿಲ್ಲದೆ ಬಹಳ ದಿನವಾಗಿತ್ತು. ಕಂಪ್ಲಿಯಲ್ಲಿದ್ದ ಅವನ ಹೆಂಡತಿಗೆ ದಿನ ತುಂಬುತ್ತಿತ್ತು. ಈ ಕೆಲಸ ಸಿಕ್ಕಿದರೆ ಸಂಬಳದ ಜೊತೆ ಇರಲು ಒಂದು ಮನೆಯೂ ಸಿಗುತ್ತಿತ್ತು. ಊರ ದೇವಿಗೆ ಎಷ್ಟು ದೀಪ ಹಚ್ಚಿದ್ದೆನೋ.

ಸುದ್ದಿ ಅವನಿಗೂ ಮುಟ್ಟಿತ್ತು. ಮಧ್ಯಾಹ್ನ ಹಿತ್ತಲ ಬಾಗಿಲಿನಿಂದ ಬಂದು ನನ್ನೆದುರು ಬೆರಳು ಮಡಿಚತೊಡಗಿದ.

“ಅಕ್ಕ, ನೀನ ಎಣಿಸು. ಪ್ರಮಾಥಿ, ವಿಕ್ರಮ, ವಿಷು, ಚಿತ್ರಭಾನು, ಸ್ವಭಾನು. ಐದು ಸಂವತ್ಸರ ಕಲ್ಲಿನ ಸೇತುವಿ ಮ್ಯಾಲೆ ದುಡದೀನಿ. ಗುತ್ತೇದಾರಗ ಅದನ್ನ ಹೇಳಿದೆ.”

ನಮ್ಮ ಮನೆಗಳಲ್ಲಿ ವಯಸ್ಸನ್ನೂ ಹೀಗೇ ಎಣಿಸುವುದು. ಯುಗಾದಿಗೆ ಮುಂಚೆ ಹುಟ್ಟಿದ ಕೂಸು ಯುಗಾದಿ ದಾಟಿದರೆ ಎರಡನೆಯ ವರ್ಷದ್ದು. ಇವನೂ ಪ್ರಮಾಥಿಯ ಫಾಲ್ಗುಣದಲ್ಲಿ ಕೆಲಸಕ್ಕೆ ಸೇರಿ ಸ್ವಭಾನುವಿನ ವೈಶಾಖದಲ್ಲಿ ಬಿಟ್ಟಿದ್ದ. ಹೆಸರು ಐದು ಬಂದವು, ತುಂಬಿದ ವರ್ಷ ಮೂರೇ. ಸುಳ್ಳು ಹೇಳಬೇಕೆಂದು ಅವನು ಹೇಳಿರಲಿಲ್ಲ.

ಊಟಕ್ಕೆ ಬಂದ ಯಜಮಾನರ ಎದುರು ನಿಂತು ಅಂದ, “ಭಾವ, ಪಟ್ಟಿ ಬರಿಯೋರು ನೀವ. ಐದು ಅಂತ ಹಾಕಿಬಿಡ್ರಿ.”

“ಗುತ್ತೇದಾರ ಹೇಳಿದ ಐದನ್ನ ಐದಂತಲೇ ಬರದೀನಿ. ಅದರ ಮುಂದಿನ ಕಾಲಮಿನ್ಯಾಗ ಸರ್ಟಿಫಿಕೇಟು ಹೇಳಿದ್ದನ್ನ ಬರೀಬೇಕು. ಅದು ನನ್ನ ಮಾತಲ್ಲ.”

“ಬಂಡ್ರಿ ರಸ್ತೆ ಕೆಲಸಕ್ಕ ನಾ ಎರಡು ವರ್ಷ ನಿಂತಿದ್ನಲ್ಲ? ಆ ಕಾಗದನೂ ಒಳಗದ.”

“ನೋಡೀನಿ. ರಸ್ತೆಗೆ ಜಲ್ಲಿ ಹಾಸಿಸಿದ್ದು ಕಲ್ಲುಕಟ್ಟಡಕ್ಕ ಸೇರಂಗಿಲ್ಲಪ್ಪ.”

“ಅಳಿಯ ಅಂತ ನಮ್ಮ ಮನ್ಯಾಗ ಉಂಡ ಹಬ್ಬದೂಟ ಎಲ್ಲಾ ಕರಗ್ಯದ ಬಿಡ್ರಿ!”

“ಕರಗಿಲ್ಲ. ಅದಕ್ಕ ನಿನ್ನ ಸಾಲು ನಾನು ತಾಳೆ ನೋಡಂಗಿಲ್ಲ. ಇಂವ ನನ್ನ ಹೆಂಡತಿ ತಮ್ಮ ಅಂತ ಸಾಹೇಬರಿಗೆ ಹೇಳಿ, ಅದನ್ನ ಹಿರೇ ಗುಮಾಸ್ತರ ಕೈಗೆ ಕೊಡ್ತೀನಿ.”

ತಮ್ಮ ನನ್ನ ಕಡೆ ನೋಡಿದ. “ಅಕ್ಕ, ನೀನಾದ್ರೂ ಹೇಳು.”

“ಏನಂತ ಹೇಳ್ಲಿ? ಬಾ, ಕುಂದ್ರು, ಉಣ್ಣು,” ಎಂದೆ. ನನಗೂ ಸಾಕಾಗಿತ್ತು.

ಹಿರಿಯ ಗುಮಾಸ್ತರು ಬಾಗಿಲಾಚೆ ಸರ್ಟಿಫಿಕೇಟುಗಳನ್ನು ಗಟ್ಟಿಯಾಗಿ ಓದಿಕೊಳ್ಳುವುದು ನನಗೆ ಕೇಳಿಸಿತು. ತಿಂಗಳು ಕೂಡಿಸಿದರು, ಮತ್ತೊಮ್ಮೆ ಕೂಡಿಸಿದರು. “ಹೊಂದುವುದಿಲ್ಲ” ಎಂದು ಬರೆದು, ರಸ್ತೆ ಕೆಲಸದ ವಿಷಯವನ್ನು ಪಕ್ಕದ ಷರಾ ಟಿಪ್ಪಣಿಯಲ್ಲಿ ಕಾಣಿಸಿದರಂತೆ. ಆ ಗುತ್ತೇದಾರನ ದರ ಎಲ್ಲರಿಗಿಂತ ಕಡಿಮೆ, ಉಳಿದ ಜನರೂ ಷರತ್ತಿಗೆ ಸರಿಯಾಗಿದ್ದರು. ಹಾಗಾಗಿ ಸಾಹೇಬರು ಟೆಂಡರನ್ನು ತಳ್ಳಿಹಾಕಲಿಲ್ಲ. ಕರಾರಿಗೆ ಮುಂಚೆ ಬೇರೆ ಓವರ್ಸಿಯರ್‌ನನ್ನು ತೋರಿಸು ಎಂದರು. ಅವನು ಸಂಡೂರಿನ ಹಿರಿಯರೊಬ್ಬರನ್ನು ತೋರಿಸಿದ.

ಗುತ್ತೇದಾರ ತಮ್ಮನನ್ನು ಪೂರ್ತಿ ಕೈಬಿಡಲಿಲ್ಲ. ಆ ಹಿರಿಯರ ಕೈಕೆಳಗೆ ಹಾಜರಿ ತೆಗೆಯುವ ಕೆಲಸ ಕೊಟ್ಟ. ಸಂಬಳ ಕಡಿಮೆ, ಮನೆ ಇಲ್ಲ. ಅಂತೂ ಕಲ್ಲುಕಟ್ಟಡದ ಕೆಲಸವೇ, ಆ ವರ್ಷಗಳಾದರೂ ಮುಂದೆ ಲೆಕ್ಕಕ್ಕೆ ಬರುತ್ತವೆ ಎಂದು ದೇವರಿಗೆ ಕೈಮುಗಿದೆ. ಯಜಮಾನರೊಡನೆ ಅವನು ಮಾತು ಬಿಡಲಿಲ್ಲ, ಅದೂ ಒಂದು ಪುಣ್ಯವೇ.

ಸುದ್ದಿ ಹೇಳಲು ಬಂದವನು ಹಿತ್ತಲ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತ. “ಅಕ್ಕ, ಆಕಿಗೆ ತೌರಮನ್ಯಾಗ ಯಾರೂ ಇಲ್ಲ. ಹೆರಿಗಿಗೆ ಎಲ್ಲಿ ಕರ್ಕೊಂಡು ಹೋಗ್ಲಿ?”

“ಇಲ್ಲಿಗೇ ಕರ್ಕೊಂಡು ಬಾ, ಮತ್ತೆಲ್ಲಿಗೆ?” ಎಂದೆ.

ನಮಗೆ ಉಳಿದದ್ದು ಹಿಂದಿನ ಕತ್ತಲೆ ಕೋಣೆಯೊಂದೇ. ಅದರೊಳಗಿನ ಕುಳ್ಳು ಕಟ್ಟಿಗೆಯನ್ನೆಲ್ಲ ಹೊರಗೆ ಹಾಕಿ, ಗೋಡೆಗೆ ಬಳಿಯಲು ಸುಣ್ಣ ಕಲಸತೊಡಗಿದೆ.